ತಿಂಗಳ ಶುಲ್ಕ ಏರಿಸುವ ಪತ್ರ: ಹಳೆಯ ಗ್ರಾಹಕರಿಗೆ ಯಾವಾಗ ಕೊಡಬೇಕು, ಏನೆಂದು ಬರೆಯಬೇಕು

ಡಿಸೆಂಬರ್ ಬಂತೆಂದರೆ ಸ್ವತಂತ್ರವಾಗಿ ಸಲಹಾ ಕೆಲಸ ಮಾಡುವವರಿಂದ ನನಗೆ ಒಂದೇ ಪ್ರಶ್ನೆ ಬರುತ್ತದೆ: "ಮೂರು ವರ್ಷದಿಂದ ಅದೇ ಶುಲ್ಕ. ಏರಿಸಬೇಕು, ಆದರೆ ಹೇಗೆ ಹೇಳುವುದು?" ಹೊಸ ಗ್ರಾಹಕನಿಗೆ ಹೊಸ ದರ ಹೇಳುವುದು ಕಷ್ಟವಲ್ಲ. ಕಷ್ಟವಿರುವುದು ರಿಟೇನರ್ ಗ್ರಾಹಕರ ವಿಷಯದಲ್ಲಿ. ರಿಟೇನರ್ ಎಂದರೆ ಕೆಲಸ ಇರಲಿ ಬಿಡಲಿ, ತಿಂಗಳಿಗೆ ಇಷ್ಟು ಎಂದು ಗೊತ್ತುಮಾಡಿಕೊಂಡ ಶುಲ್ಕ. ಅದಕ್ಕೆ ಬದಲಾಗಿ ನಿಮ್ಮ ಇಷ್ಟು ಗಂಟೆ ಅವರಿಗೆ ಮೀಸಲು. ಇಲ್ಲಿ ಚಹಾ ಕುಡಿದು ಬೆಳೆದ ಸಲುಗೆ ಇರುತ್ತದೆ, ಆ ಸಲುಗೆಯೇ ಬಾಯಿ ಕಟ್ಟುತ್ತದೆ.

ನಾನು ಬೆಳಗಾವಿಯಲ್ಲಿ ಫೌಂಡ್ರಿ ಮತ್ತು ಮಶೀನ್ ಶಾಪ್‌ಗಳಿಗೆ ಗುಣಮಟ್ಟ ಸಲಹೆ ಕೊಡುತ್ತೇನೆ. ಐಎಸ್‌ಒ 9001 ದಾಖಲೆ, ಒಳ ಆಡಿಟ್, ಗ್ರಾಹಕರ ದೂರಿಗೆ ಉತ್ತರ, ಇಂಥವು. ಆದ್ದರಿಂದ ಉದಾಹರಣೆ ಉದ್ಯಮಬಾಗದ ಒಂದು ಫೌಂಡ್ರಿಯದು. ಲೆಕ್ಕ ಅರ್ಥವಾಗಲೆಂದು ಅಂಕಿಗಳನ್ನು ಸರಳಗೊಳಿಸಿದ್ದೇನೆ. ನಿಮ್ಮದು ಲೆಕ್ಕಪತ್ರದ ಕೆಲಸವಾಗಲಿ, ಕಂಪ್ಯೂಟರ್ ನಿರ್ವಹಣೆಯಾಗಲಿ, ಹಂತಗಳು ಇವೇ.

ಮೊದಲು ಮೂರು ವಸ್ತು ಮೇಜಿನ ಮೇಲೆ ಇರಲಿ: ಗ್ರಾಹಕರೊಂದಿಗಿನ ಒಪ್ಪಂದ ಅಥವಾ ಪರ್ಚೇಸ್ ಆರ್ಡರ್ (ಖರೀದಿ ಆದೇಶ, ಮುಂದೆ ಪಿಒ ಎನ್ನುತ್ತೇನೆ), ಕಳೆದ ಮೂರು ತಿಂಗಳ ನಿಮ್ಮ ಗಂಟೆಗಳ ಲೆಕ್ಕ, ಮತ್ತು ಒಂದು ಕ್ಯಾಲೆಂಡರ್. ಗಂಟೆಗಳ ಲೆಕ್ಕ ಇಲ್ಲವೆಂದರೆ ಇವತ್ತಿನಿಂದ ಬರೆಯಿರಿ, ಮೂರು ತಿಂಗಳ ನಂತರ ಈ ಲೇಖನಕ್ಕೆ ಮರಳಿ ಬನ್ನಿ. ಅದಿಲ್ಲದೆ ಮುಂದಿನದು ಯಾವುದೂ ನಿಲ್ಲುವುದಿಲ್ಲ.

1. ನಿಜವಾಗಿ ಬದಲಾದದ್ದು ಏನೆಂದು ಪತ್ತೆ ಹಚ್ಚಿ

ನಮ್ಮ ಫೌಂಡ್ರಿಯ ಶುಲ್ಕ 2023ರ ಏಪ್ರಿಲ್‌ನಲ್ಲಿ ತಿಂಗಳಿಗೆ 15,000 ರೂಪಾಯಿ ಎಂದು ನಿಗದಿಯಾಗಿತ್ತು. ಅದಕ್ಕೆ ಪ್ರತಿಯಾಗಿ ನಾಲ್ಕು ಗಂಟೆಯ ಎರಡು ಭೇಟಿ, ಜೊತೆಗೆ ಮನೆಯಿಂದ ಮಾಡುವ ನಾಲ್ಕು ಗಂಟೆಯ ಕಾಗದದ ಕೆಲಸ, ಒಟ್ಟು 12 ಗಂಟೆ. ಅಂದರೆ ಗಂಟೆಗೆ 1,250.

2025ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ನೋಟ್‌ಬುಕ್ ತೆಗೆದು ನೋಡಿದರೆ ಗಂಟೆಗಳು 19, 22, 19. ಸರಾಸರಿ 20. ಅದೇ 15,000ವನ್ನು 20ರಿಂದ ಭಾಗಿಸಿದರೆ ಗಂಟೆಗೆ 750. ನನ್ನ ದರ ಏರಿರಲಿಲ್ಲ ಎಂಬುದಷ್ಟೇ ಅಲ್ಲ, ಯಾರೂ ಹೇಳದೆ ಕೇಳದೆ ಅದು ಶೇ. 40ರಷ್ಟು ಇಳಿದಿತ್ತು.

ಹೆಚ್ಚುವರಿ ಎಂಟು ಗಂಟೆ ಎಲ್ಲಿ ಹೋಯಿತು? ಇದನ್ನು ಸಾಲುಸಾಲಾಗಿ ನೋಡಬೇಕು. ನನ್ನ ಪುಟದಲ್ಲಿ ಹೀಗೊಂದು ಸಾಲಿದೆ: "ನ. 14, ರಾತ್ರಿ 9.10. ಪುಣೆ ಗ್ರಾಹಕನ ದೂರು, ಬ್ಲೋಹೋಲ್ ಫೋಟೊ ಆರು. 40 ನಿಮಿಷ." ಬ್ಲೋಹೋಲ್ ಎಂದರೆ ಎರಕದೊಳಗೆ ಅನಿಲ ಸಿಕ್ಕಿಕೊಂಡು ಉಳಿದ ಗುಳಿ. ಫೌಂಡ್ರಿಗೆ ಅದರ ಗ್ರಾಹಕರಿಂದ ಬರುವ ಇಂಥ ದೂರಿಗೆ 8ಡಿ ವರದಿ ಬರೆಯಬೇಕಾಗುತ್ತದೆ. ದೋಷದ ಕಾರಣ ಮತ್ತು ಪರಿಹಾರವನ್ನು ಎಂಟು ಹಂತಗಳಲ್ಲಿ ಕೊಡುವ ನಮೂನೆ ಅದು. ಈ ವರದಿಗಳೇ ತಿಂಗಳಿಗೆ ಮೂರು ಗಂಟೆ. ಉಳಿದ ಐದು ಗಂಟೆ ಗೇಜ್‌ಗಳ ಕ್ಯಾಲಿಬ್ರೇಷನ್ ದಿನಾಂಕ ನೆನಪಿಸುವುದು, ತರಬೇತಿ ಪಟ್ಟಿ ತುಂಬುವುದು, ಕಳುಹಿಸಿದ ನಮೂನೆಯನ್ನೇ ಮತ್ತೆ ಕಳುಹಿಸುವುದು. ಇದನ್ನು ಅವರ ಇನ್‌ಸ್ಪೆಕ್ಟರ್ ಮಾಡಬಹುದು. ಮಾಡಬೇಕಾದದ್ದೂ ಅವನೇ.

ಈ ಎರಡು ರಾಶಿಗಳನ್ನು ಬೇರ್ಪಡಿಸದೆ ಎಲ್ಲದಕ್ಕೂ ಶುಲ್ಕ ಕೇಳುವುದು ದೊಡ್ಡ ತಪ್ಪು. ಮೊದಲ ರಾಶಿ ಅವರಿಗೆ ಬೇಕಾದ ಕೆಲಸ. ಎರಡನೆಯದು ಬೇಡ ಎನ್ನದೆ ನೀವೇ ಮೈಮೇಲೆ ಎಳೆದುಕೊಂಡದ್ದು. ಅದಕ್ಕೆ ಬಿಲ್ ಹಾಕಿದರೆ ಜಗಳ ಖಚಿತ, ಮತ್ತು ಜಗಳದಲ್ಲಿ ಅವರ ಪಕ್ಷವೇ ಸರಿ.

2. ಏರಿಕೆಯನ್ನು ಎರಡಾಗಿ ಸೀಳಿ

ಒಂದು ಭಾಗ ದರದ ಏರಿಕೆ, ಇನ್ನೊಂದು ಕೆಲಸದ ಏರಿಕೆ. ಹೆಚ್ಚಿನವರು ಎರಡನ್ನೂ ಕಲಸಿ "ಶುಲ್ಕ ಇನ್ನು ಮುಂದೆ ಇಷ್ಟು" ಎಂದು ಒಂದೇ ಅಂಕಿ ಹೇಳುತ್ತಾರೆ. ಆಗ ಗ್ರಾಹಕರ ಕಣ್ಣಿಗೆ ಕಾಣುವುದು ಶೇಕಡಾವಾರು ಮಾತ್ರ.

ದರ: ಗಂಟೆಗೆ 1,250 ಇದ್ದದ್ದು 1,400 ಆಗಲಿ. ಇದು ಮೂರು ವರ್ಷಕ್ಕೆ ಶೇ. 12. ರಿಸರ್ವ್ ಬ್ಯಾಂಕ್ ಇಟ್ಟುಕೊಂಡಿರುವ ಹಣದುಬ್ಬರದ ಗುರಿಯೇ ವರ್ಷಕ್ಕೆ ಶೇ. 4, ಆದ್ದರಿಂದ ಯಾವ ಮಾಲೀಕರೂ ಇದನ್ನು ಅತಿ ಎನ್ನಲಾರರು.

ಕೆಲಸ: 12 ಗಂಟೆ ಇದ್ದದ್ದು 15 ಆಗಲಿ. ಹೆಚ್ಚಿದ ಮೂರು ಗಂಟೆ ದೂರುಗಳ 8ಡಿ ವರದಿಗೆ.

15 ಗಂಟೆಗೆ 1,400ರಂತೆ 21,000. ಒಟ್ಟು ಏರಿಕೆ 6,000. ಅದರಲ್ಲಿ 3,750 ಹೆಚ್ಚಿದ ಮೂರು ಗಂಟೆಯದು (ಹಳೆಯ ದರದಲ್ಲೇ), 2,250 ದರದ್ದು. ಬರೀ 21,000 ಎಂದರೆ ಶೇ. 40 ಏರಿಕೆ; ಕೇಳಿದವರು ಕುರ್ಚಿಗೆ ಒರಗಿ ಕೂರುತ್ತಾರೆ. ಸೀಳಿ ಹೇಳಿದರೆ ಮಾತು ಬೇರೆ ದಾರಿ ಹಿಡಿಯುತ್ತದೆ, ಏಕೆಂದರೆ ಈಗ ಅವರ ಕೈಯಲ್ಲಿ ಆಯ್ಕೆ ಇದೆ: ದೂರುಗಳನ್ನು ನೀವೇ ನೋಡಿಕೊಳ್ಳುತ್ತೀರಾದರೆ ಹಳೆಯ 12 ಗಂಟೆ, 16,800 ರೂಪಾಯಿ. ನಾನೇ ಬರೆಯಬೇಕೆಂದರೆ 15 ಗಂಟೆ, 21,000.

ಇನ್‌ಸ್ಪೆಕ್ಟರ್ ಮಾಡಬೇಕಾದ ಐದು ಗಂಟೆಯ ಕೆಲಸವನ್ನು ಅವನಿಗೆ ಕಲಿಸಿಕೊಡುವುದು ನಿಮ್ಮ ಹೊಣೆ, ಅದನ್ನು ಸೂಚನಾ ಅವಧಿಯೊಳಗೆ, ಹಳೆಯ ಶುಲ್ಕದಲ್ಲೇ ಮುಗಿಸಿ.

3. ದಿನಾಂಕ ಗೊತ್ತುಮಾಡಿ

ಒಪ್ಪಂದವನ್ನು ಓದಿ. "31 ಮಾರ್ಚ್‌ವರೆಗೆ ಈ ದರ" ಎಂದಿದ್ದರೆ ನಡುವೆ ಏರಿಸುವಂತಿಲ್ಲ. ಬದಲಾವಣೆಗೆ ಇಷ್ಟು ದಿನದ ಸೂಚನೆ ಎಂದಿದ್ದರೆ ಕನಿಷ್ಠ ಅಷ್ಟು. ಏನೂ ಬರೆದಿಲ್ಲವಾದರೆ 60 ದಿನ ಕೊಡಿ. ಮೂವತ್ತು ಸಾಲದು: ಮಾಲೀಕರು ಯೋಚಿಸಲು ಒಂದಿಷ್ಟು ದಿನ, ಪಿಒ ತಿದ್ದಲು ಒಂದಿಷ್ಟು, ನಿಮ್ಮನ್ನು ಬಿಟ್ಟು ಬೇರೆಯವರನ್ನು ಹುಡುಕಬೇಕೆನ್ನಿಸಿದರೆ ಅದಕ್ಕೂ ಒಂದಿಷ್ಟು ಬೇಕು. ಕೊನೆಯದಕ್ಕೆ ಸಮಯ ಕೊಡದ ಸೂಚನೆ ಸೂಚನೆಯಲ್ಲ, ಒತ್ತಡ.

ಏಪ್ರಿಲ್ 1 ಒಳ್ಳೆಯ ದಿನ. ಹೊಸ ಆರ್ಥಿಕ ವರ್ಷ, ಹೊಸ ಪಿಒ, ಹೊಸ ಬಜೆಟ್. ಅದಕ್ಕಾಗಿ ನಾನು ಪತ್ರ ಕೊಡುವುದು ಜನವರಿ ಕೊನೆಯ ವಾರದಲ್ಲಿ. 2026ರಲ್ಲಿ ಅದು ಜನವರಿ 27, ಮಂಗಳವಾರ. ಗಣರಾಜ್ಯೋತ್ಸವದ ಮರುದಿನ, ಏಪ್ರಿಲ್ 1ಕ್ಕೆ 64 ದಿನ ಇರುವಾಗ. ದೀಪಾವಳಿಯ ವಾರದಲ್ಲಿ ಮಾತ್ರ ಬೇಡ. ನಮ್ಮ ಕಡೆ ಎಷ್ಟೋ ವ್ಯಾಪಾರಸ್ಥರು ಆಗ ಪೂಜೆ ಮಾಡಿ ಹೊಸ ಖಾತೆ ಕಿರ್ದಿ ತೆರೆಯುತ್ತಾರೆ. ಆ ದಿನ ಖರ್ಚಿನ ಕಾಗದ ಕೈಗಿಟ್ಟವರನ್ನು ಅವರು ಬಹಳ ದಿನ ಮರೆಯುವುದಿಲ್ಲ.

ಒಂದು ಎಚ್ಚರಿಕೆ. ಪ್ರತಿ ಗ್ರಾಹಕರ ವರ್ಷದಲ್ಲಿ ನಿಮ್ಮ ಮೇಲೆ ಅವರು ಪೂರ್ತಿ ಅವಲಂಬಿಸಿರುವ ಒಂದು ತಿಂಗಳು ಇರುತ್ತದೆ. ನನ್ನ ವೃತ್ತಿಯಲ್ಲಿ ಅದು ಸರ್ವೇಲನ್ಸ್ ಆಡಿಟ್‌ನ ತಿಂಗಳು. ಐಎಸ್‌ಒ ಪ್ರಮಾಣಪತ್ರ ಮೂರು ವರ್ಷದ್ದಾದರೂ ಪ್ರಮಾಣಪತ್ರ ಕೊಟ್ಟ ಸಂಸ್ಥೆ ವರ್ಷಕ್ಕೊಮ್ಮೆ ಬಂದು ತಪಾಸಣೆ ಮಾಡುತ್ತದೆ. ಮೇ ತಿಂಗಳಲ್ಲಿ ಆಡಿಟ್ ಇರುವವರಿಗೆ ಏಪ್ರಿಲ್‌ನಲ್ಲಿ ಪತ್ರ ಕೊಟ್ಟರೆ, ನಿಮ್ಮ ಮನಸ್ಸಿನಲ್ಲಿ ಏನೇ ಇರಲಿ, ಅದು ಕುತ್ತಿಗೆ ಹಿಡಿದಂತೆಯೇ. ಅವರು ಒಪ್ಪುತ್ತಾರೆ, ಆಡಿಟ್ ಮುಗಿಯುತ್ತದೆ, ಆಮೇಲೆ ಬೇರೆಯವರನ್ನು ಹುಡುಕುತ್ತಾರೆ. ಪತ್ರ ಕೊಡುವ ಮೊದಲು ಪ್ರತಿಯೊಬ್ಬರ ಆಡಿಟ್ ದಿನಾಂಕ ನೋಡಿ, ಸೂಚನಾ ಅವಧಿ ಅದಕ್ಕಿಂತ ಸಾಕಷ್ಟು ಮೊದಲೇ ಮುಗಿಯಲಿ ಅಥವಾ ಆಡಿಟ್ ಆದ ಮೇಲೆ ಶುರುವಾಗಲಿ.

4. ಕಾರಣವನ್ನು ಪರೀಕ್ಷಿಸಿ

ಬರೆಯಲಿರುವ ಕಾರಣದ ಮುಂದೆ ಕ್ಯಾಲ್ಕ್ಯುಲೇಟರ್ ಇಟ್ಟು ನೋಡಿ. ಅದು ಏರಿಕೆಯ ಅಂಕಿಯನ್ನು ಹೊರುತ್ತದೆಯೇ?

ಇದನ್ನು ನಾನು ಮುಖ ಕೆಂಪಗೆ ಮಾಡಿಕೊಂಡು ಕಲಿತೆ. ಬಹಳ ಹಿಂದೆ, ಮೊದಲ ಸಲ ಶುಲ್ಕವನ್ನು 3,000 ಏರಿಸುವಾಗ "ಪೆಟ್ರೋಲ್ ತುಟ್ಟಿಯಾಗಿದೆ" ಎಂದು ಬರೆದಿದ್ದೆ. ಕಾಸ್ಟಿಂಗ್ ದರವನ್ನು ಕಿಲೋಗೆ ಪೈಸೆಯವರೆಗೆ ಲೆಕ್ಕ ಹಾಕುವ ಮಾಲೀಕರು ಅವರು. ಕಾಗದ ಓದಿ ಕೇಳಿದರು: "ಮನೆಯಿಂದ ಇಲ್ಲಿಗೆ ಹೋಗಿಬರಲು 12 ಕಿಲೋಮೀಟರ್, ತಿಂಗಳಿಗೆ ನಾಲ್ಕು ಸಲ, 48. ನಿಮ್ಮ ಗಾಡಿ ಲೀಟರಿಗೆ 45 ಕೊಡುತ್ತದೆ. ಪೆಟ್ರೋಲ್ ಹತ್ತು ರೂಪಾಯಿ ಏರಿದರೆ ನಿಮಗೆ ಹನ್ನೊಂದು ರೂಪಾಯಿ ಹೆಚ್ಚು ಖರ್ಚು. ಉಳಿದ 2,989 ಯಾವುದಕ್ಕೆ ರೀ?" ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಇರಲಿಲ್ಲವೆಂದಲ್ಲ, ಇದ್ದ ನಿಜವಾದ ಉತ್ತರವನ್ನು ನಾನು ಬರೆದಿರಲಿಲ್ಲ.

ಮಗಳ ಕಾಲೇಜು ಶುಲ್ಕ, ಮನೆ ಸಾಲ, ಇವು ನಿಜವಾದರೂ ಕಾರಣವಲ್ಲ. ಅವು ನಿಮ್ಮ ಅಗತ್ಯ, ಅವರ ಲಾಭವಲ್ಲ. ಕೇಳಿದವರು ಕನಿಕರಪಟ್ಟು ಒಪ್ಪಿದರೂ ಮುಂದಿನ ಸಲ ಇನ್ನೊಂದು ಕಷ್ಟ ಹುಡುಕಬೇಕಾಗುತ್ತದೆ. "ಮಾರುಕಟ್ಟೆ ದರ ಹೀಗಿದೆ" ಎಂಬುದೂ ಅಪಾಯಕಾರಿ. ಉದ್ಯಮಬಾಗ, ಮಚ್ಛೆಯ ಮಾಲೀಕರು ಒಬ್ಬರನ್ನೊಬ್ಬರು ಬಲ್ಲರು, ಕಡಿಮೆಗೆ ಮಾಡುವ ಒಬ್ಬರ ಹೆಸರು ಸಂಜೆಯೊಳಗೆ ಅವರಿಗೆ ಸಿಗುತ್ತದೆ.

ನಿಲ್ಲುವ ಕಾರಣಗಳು ಎರಡೇ: ಕೆಲಸ ಇಷ್ಟರಿಂದ ಇಷ್ಟಕ್ಕೆ ಬೆಳೆದಿದೆ, ದರ ಇಷ್ಟು ವರ್ಷದಿಂದ ಬದಲಾಗಿಲ್ಲ. ಇದು ಅವರಿಗೆ ಹೊಸ ಭಾಷೆಯೂ ಅಲ್ಲ. ಪಿಗ್ ಐರನ್, ಸ್ಕ್ರ್ಯಾಪ್ ದರ ಏರಿದಾಗ ಅವರೂ ತಮ್ಮ ಗ್ರಾಹಕರಿಗೆ ದರ ತಿದ್ದುಪಡಿಯ ಪತ್ರ ಬರೆಯುತ್ತಾರೆ, ಹಳೆಯ ದರ ಮತ್ತು ಹೊಸ ದರ ಎರಡನ್ನೂ ಅಕ್ಕಪಕ್ಕ ಇಟ್ಟು. ನೀವೂ ಹಾಗೆಯೇ ಬರೆಯಿರಿ.

5. ಮೊದಲು ಮುಖತಃ ಹೇಳಿ, ಅದೇ ದಿನ ಕಾಗದ ಕೊಡಿ

ವಾಟ್ಸ್‌ಆ್ಯಪ್‌ನಲ್ಲಿ ಹೇಳಬೇಡಿ. ಮಾಲೀಕರನ್ನೇ ಭೇಟಿಯಾಗಿ ಹೇಳಿ; ಮ್ಯಾನೇಜರ್ ಮೂಲಕ ಹೇಳಿಸಿದರೆ ಅಂಕಿ ಮಾತ್ರ ತಲುಪುತ್ತದೆ, ಕಾರಣ ತಲುಪುವುದಿಲ್ಲ. ಮಾತು ಕನ್ನಡವೋ ಮರಾಠಿಯೋ, ಅವರಿಗೆ ಒಗ್ಗುವ ಭಾಷೆಯಲ್ಲಿರಲಿ. ಕಾಗದ ಮಾತ್ರ ಅವರ ಅಕೌಂಟ್ಸ್ ವಿಭಾಗ ಓದುವ ಭಾಷೆಯಲ್ಲಿ. ಕನ್ನಡದಲ್ಲಾದರೆ ಇಷ್ಟು ಸಾಕು:

> ಮಾನ್ಯರೇ,
>
> ನಿಮ್ಮ ಘಟಕದ ಗುಣಮಟ್ಟ ಸಲಹೆಯ ಮಾಸಿಕ ಶುಲ್ಕ 2023ರ ಏಪ್ರಿಲ್‌ನಿಂದ ₹15,000 ಇದ್ದು, ಅದು 12 ಗಂಟೆಯ ಕೆಲಸಕ್ಕೆ ನಿಗದಿಯಾಗಿತ್ತು. 2026ರ ಏಪ್ರಿಲ್ 1ರಿಂದ ಇದು 15 ಗಂಟೆಗೆ ₹21,000 ಆಗುತ್ತದೆ (ಅನ್ವಯಿಸಿದರೆ ಜಿಎಸ್‌ಟಿ ಪ್ರತ್ಯೇಕ).
>
> ಕಾರಣ ಎರಡು. ಗ್ರಾಹಕರ ದೂರುಗಳ 8ಡಿ ವರದಿ ಮೊದಲ ಒಪ್ಪಂದದಲ್ಲಿ ಇರಲಿಲ್ಲ. ಈಗ ಅದಕ್ಕೆ ತಿಂಗಳಿಗೆ ಸುಮಾರು 3 ಗಂಟೆ ಬೇಕಾಗುತ್ತಿದೆ. ಗಂಟೆಯ ದರ ಮೂರು ವರ್ಷದಿಂದ ಬದಲಾಗಿಲ್ಲ. ಅದನ್ನು ₹1,250ರಿಂದ ₹1,400ಕ್ಕೆ ಏರಿಸುತ್ತಿದ್ದೇನೆ. ಅಕ್ಟೋಬರ್–ಡಿಸೆಂಬರ್ ಗಂಟೆಗಳ ಲೆಕ್ಕ ಲಗತ್ತಿಸಿದೆ.
>
> 8ಡಿ ವರದಿಗಳನ್ನು ನಿಮ್ಮ ಸಿಬ್ಬಂದಿಯೇ ಬರೆಯುವುದಾದರೆ 12 ಗಂಟೆಗೆ ₹16,800. ಯಾವುದೆಂದು ಫೆಬ್ರುವರಿ 28ರೊಳಗೆ ತಿಳಿಸಿದರೆ ಪಿಒ ತಿದ್ದುಪಡಿಗೆ ಅನುಕೂಲ. ಮಾರ್ಚ್ 31ರವರೆಗಿನ ಕೆಲಸ ಹಳೆಯ ಶುಲ್ಕದಲ್ಲೇ ನಡೆಯುತ್ತದೆ.

ಇದರಲ್ಲಿ ಕ್ಷಮೆ ಇಲ್ಲ ನೋಡಿ. "ದಯವಿಟ್ಟು ಅನ್ಯಥಾ ಭಾವಿಸಬಾರದು", "ತಮ್ಮ ಕೃಪೆಯಿಂದ", "ಸಾಧ್ಯವಾದರೆ" ಎಂಬ ಪದಗಳನ್ನು ಹಾಕಿದ ಕ್ಷಣವೇ ಸೂಚನೆ ಅರ್ಜಿಯಾಗುತ್ತದೆ, ಅರ್ಜಿಗೆ "ನೋಡೋಣ" ಎಂಬ ಉತ್ತರ ಬರುತ್ತದೆ. ಮಾತಿನಲ್ಲಿ ಎಷ್ಟು ಬೇಕಾದರೂ ಮೃದುವಾಗಿರಿ.

ಆಡಿಟ್ ಅಡ್ಡ ಬರದ ಎಲ್ಲ ಗ್ರಾಹಕರಿಗೂ ಒಂದೇ ವಾರದಲ್ಲಿ ಕೊಟ್ಟು ಮುಗಿಸಿ. ಗಂಟೆಯ ದರ ಎಲ್ಲರಿಗೂ ಒಂದೇ ಇರಲಿ. ಮೊದಲ ದಿನದಿಂದ ಜೊತೆಗಿದ್ದವರಿಗೆ ಋಣ ತೀರಿಸಬೇಕೆನ್ನಿಸಿದರೆ ದರ ಇಳಿಸಬೇಡಿ, ದಿನಾಂಕ ಮುಂದೂಡಿ: ಅವರಿಗೆ ಜುಲೈ 1ರಿಂದ. ಆಗ ಪಕ್ಕದ ಶೆಡ್ಡಿನವರು ಕೇಳಿದರೂ ಹೇಳಲು ನಿಮ್ಮ ಬಳಿ ನೇರವಾದ ಮಾತಿರುತ್ತದೆ.

6. ಬರುವ ಉತ್ತರಗಳು

"ಈಗ ಆರ್ಡರ್ ಕಡಿಮೆ ಇದೆ ರೀ, ಸ್ವಲ್ಪ ನೋಡಿ ಮಾಡಿ." ಇದು ಎಷ್ಟೋ ಸಲ ನಿಜವೂ ಹೌದು. ಆಗ ಗಂಟೆ ಇಳಿಸಿ, ದರ ಇಳಿಸಬೇಡಿ. ಎರಡರ ಬದಲು ಒಂದೇ ಭೇಟಿ ಎಂದರೆ ನಾಲ್ಕು ಗಂಟೆ ಕಡಿಮೆ. 11 ಗಂಟೆಗೆ 15,400. ಅವರ ಜೇಬಿಗೆ ಹಳೆಯ ಶುಲ್ಕದ ಹತ್ತಿರವೇ ಬಂತು, ನಿಮ್ಮ ದರವೂ ಉಳಿಯಿತು. ಗಂಟೆ ಬಿಡದೆ ದರ ಬಿಟ್ಟುಕೊಟ್ಟರೆ ಮೊದಲು ಹೇಳಿದ ಅಂಕಿ ಬಾಯಿಗೆ ಬಂದದ್ದು ಎಂದು ನೀವೇ ಒಪ್ಪಿಕೊಂಡಂತೆ.

"ಮುಂದಿನ ವರ್ಷ ನೋಡೋಣ." ಈ ವರ್ಷ ಆಗದಿರಲು ಏನು ಅಡ್ಡಿ ಎಂದು ಕೇಳಿ. ದಿನಾಂಕವಿರುವ ಉತ್ತರ ಸಿಕ್ಕರೆ ಅದನ್ನು ಬರೆದು ಕಳುಹಿಸಿ. ಸಿಗದಿದ್ದರೆ ಅದು "ಇಲ್ಲ" ಎಂದೇ ತಿಳಿಯಿರಿ.

ಮೌನ. ಇದೇ ಎಲ್ಲಕ್ಕಿಂತ ಹೆಚ್ಚು ಜನರನ್ನು ಕೆಡವುತ್ತದೆ. ಪತ್ರ ತೆಗೆದುಕೊಂಡರು, ಚಹಾ ಕೊಟ್ಟರು, ಏನೂ ಹೇಳಲಿಲ್ಲ. ಬೇಡವೆನ್ನಲಿಲ್ಲವಲ್ಲ ಎಂದು ನೀವು ಸಮಾಧಾನದಿಂದ ಏಪ್ರಿಲ್‌ವರೆಗೆ ಕಾಯುತ್ತೀರಿ. ಮೌನ ಒಪ್ಪಿಗೆಯಲ್ಲ. ಪತ್ರದಲ್ಲಿ ಹೇಳಿದ ಫೆಬ್ರುವರಿ 28 ದಾಟಿದ ಮರುವಾರ ಮತ್ತೆ ಹೋಗಿ, ಎರಡರಲ್ಲಿ ಯಾವುದೆಂದು ಕೇಳಿ. ಆಗಲೂ ಉತ್ತರವಿಲ್ಲದಿದ್ದರೆ, ಏಪ್ರಿಲ್ 1ರಿಂದ ಹಳೆಯ ಶುಲ್ಕದಲ್ಲಿ ಕೆಲಸ ಮುಂದುವರಿಸಲಾಗದು ಎಂದು ಬರೆದು ತಿಳಿಸಿ. ಹಾಗೆ ಬರೆಯುವ ಮೊದಲು, ಆ ಒಬ್ಬ ಗ್ರಾಹಕ ಹೋದರೆ ಮೂರು ತಿಂಗಳು ನಡೆಸಲು ನಿಮ್ಮ ಬಳಿ ಹಣ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಅವರಿಗೆ ಸದ್ಯ ಹಳೆಯ ಶುಲ್ಕ, ಆದರೆ ಕಟ್ಟುನಿಟ್ಟಾಗಿ 12 ಗಂಟೆ. ಹದಿಮೂರನೆಯ ಗಂಟೆಗೆ ಮೊದಲೇ ಅನುಮತಿ.

7. ಪಿಒ ತಿದ್ದುಪಡಿ ಕೈಗೆ ಬರುವವರೆಗೆ ಕೆಲಸ ಮುಗಿದಿಲ್ಲ

ಮಾಲೀಕರು "ಆಯಿತು" ಎಂದರು. ಆದರೆ ದುಡ್ಡು ಕಳುಹಿಸುವುದು ಅಕೌಂಟ್ಸ್‌ನಲ್ಲಿ ಕೂತಿರುವ ಹುಡುಗ, ಅವನ ಮುಂದಿನ ಪರದೆಯಲ್ಲಿ ನಿಮ್ಮ ಪಿಒ 15,000 ಎಂದೇ ಇರುತ್ತದೆ. 21,000ದ ಬಿಲ್ ಅದಕ್ಕೆ ಹೊಂದುವುದಿಲ್ಲ. ಒಂದೋ ಬಿಲ್ ತಡೆದಿಡುತ್ತಾನೆ, ಇಲ್ಲವೇ 15,000 ಕಳುಹಿಸಿ ಸುಮ್ಮನಾಗುತ್ತಾನೆ. ಹೀಗೆ ಕಡಿಮೆ ಬಂದ ಹಣವನ್ನು ಒಂದೆರಡು ತಿಂಗಳು ನೀವು ಕೇಳದೆ ಬಿಟ್ಟರೆ ಹಳೆಯ ದರವೇ ಮತ್ತೆ ರೂಢಿಗೆ ಬರುತ್ತದೆ. ಮಾರ್ಚ್ ಮೂರನೆಯ ವಾರದೊಳಗೆ ತಿದ್ದುಪಡಿ ಮಾಡಿದ ಪಿಒದ ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ಮೊತ್ತ, ಗಂಟೆ, ಜಾರಿಯ ದಿನಾಂಕ ಮೂರೂ ಇವೆಯೇ ನೋಡಿ. ಪಿಒ ಪದ್ಧತಿ ಇಲ್ಲದ ಸಣ್ಣ ಘಟಕವಾದರೆ ನಿಮ್ಮ ಪತ್ರದ ಪ್ರತಿಯ ಮೇಲೆ ಮಾಲೀಕರ ಸಹಿ, ಮೊಹರು, ದಿನಾಂಕ.

ಮಾರ್ಚ್ ಕೆಲಸದ ಬಿಲ್ಲನ್ನು ಏಪ್ರಿಲ್ 2ರಂದು ಬರೆದರೂ ಅದು ಹಳೆಯ ಶುಲ್ಕದ್ದೇ. ಇಲ್ಲಿ ಎಡವಿದರೆ ಎರಡು ತಿಂಗಳು ಗಳಿಸಿದ ವಿಶ್ವಾಸ 6,000 ರೂಪಾಯಿಗೆ ಹೋಗುತ್ತದೆ.

ಇನ್ನು ತೆರಿಗೆ. ಸೇವೆ ಕೊಡುವವರ ವಾರ್ಷಿಕ ವಹಿವಾಟು ಕರ್ನಾಟಕದಲ್ಲಿ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಸಲಹಾ ಸೇವೆಗೆ ದರ ಶೇ. 18. ಹೊಸ ಶುಲ್ಕಗಳನ್ನು ಕೂಡಿಸಿ ಹನ್ನೆರಡರಿಂದ ಗುಣಿಸಿದಾಗ ಆ ಗೆರೆ ದಾಟುತ್ತೀರಾ ಎಂದು ಪತ್ರ ಬರೆಯುವ ಮೊದಲೇ ನೋಡಿ. ಜಿಎಸ್‌ಟಿ ನೋಂದಣಿ ಇರುವ ಫೌಂಡ್ರಿಗೆ ಆ ತೆರಿಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆಯಾಗಿ ಮರಳಿ ಸಿಗುತ್ತದೆ, ಅವರಿಗೆ ಭಾರವಲ್ಲ. ನೋಂದಣಿ ಇಲ್ಲದವರಿಗೆ, ಶಾಲೆ ಆಸ್ಪತ್ರೆಗಳಂಥ ಗ್ರಾಹಕರಿಗೆ ಅದು ನೇರ ಖರ್ಚು; ನೀವು ಹೊಸದಾಗಿ ಜಿಎಸ್‌ಟಿ ಹಾಕತೊಡಗಿದರೆ ನಿಮ್ಮ ಶೇ. 12 ಏರಿಕೆ ಅವರ ಪಾಲಿಗೆ ಶೇ. 32ಕ್ಕೂ ಹೆಚ್ಚಾಗುತ್ತದೆ.

ಸಣ್ಣ ಶುಲ್ಕದ ಗ್ರಾಹಕರಲ್ಲಿ ಟಿಡಿಎಸ್ ಇನ್ನೊಂದು ತಮಾಷೆ ಮಾಡುತ್ತದೆ. ಟಿಡಿಎಸ್ ಎಂದರೆ ಪಾವತಿ ಮಾಡುವವರೇ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ವೃತ್ತಿಪರ ಶುಲ್ಕಕ್ಕೆ ಶೇ. 10, ಮತ್ತು 2025ರ ಏಪ್ರಿಲ್‌ನಿಂದ ಅದು ಅನ್ವಯಿಸುವುದು ಒಬ್ಬ ಗ್ರಾಹಕರಿಂದ ವರ್ಷಕ್ಕೆ 50,000 ದಾಟಿದಾಗ. ತಿಂಗಳಿಗೆ 4,000 ಕೊಡುತ್ತಿದ್ದ ಕಂಪನಿ ವರ್ಷಕ್ಕೆ 48,000 ಕೊಡುತ್ತದೆ, ಕಡಿತವಿಲ್ಲ. ಶುಲ್ಕ 4,500 ಆದರೆ ವರ್ಷಕ್ಕೆ 54,000. ತಿಂಗಳಿಗೆ 450 ಕಡಿತವಾಗಿ ಖಾತೆಗೆ ಬರುವುದು 4,050. ಐನೂರು ಏರಿಸಿ ಐವತ್ತು ಬಂತಲ್ಲ ಎಂದು ಅಕೌಂಟ್ಸ್ ಹುಡುಗನ ಮೇಲೆ ಹರಿಹಾಯಬೇಡಿ. ಹಣ ಎಲ್ಲಿಗೂ ಹೋಗಿಲ್ಲ, ರಿಟರ್ನ್ ಸಲ್ಲಿಸುವಾಗ ನಿಮ್ಮ ತೆರಿಗೆಗೆ ಜಮೆಯಾಗುತ್ತದೆ ಅಥವಾ ವಾಪಸು ಬರುತ್ತದೆ. ಆದರೆ ಅಲ್ಲಿಯವರೆಗೆ ತಿಂಗಳ ಖರ್ಚಿಗೆ ಲೆಕ್ಕ ಹಿಡಿಯಬೇಕಾದದ್ದು 4,050 ಮಾತ್ರ.

ಹೊಸ ದರದ ಮೊದಲ ಬಿಲ್ ಮೇ ತಿಂಗಳ ಮೊದಲ ವಾರದಲ್ಲಿ ಹೋಗುತ್ತದೆ. ಅದರ ಜೊತೆ ಏಪ್ರಿಲ್‌ನ ಗಂಟೆಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಲಗತ್ತಿಸಿ, ಕೇಳದಿದ್ದರೂ. 8ಡಿ ವರದಿ ಎಷ್ಟು, ಎಷ್ಟು ಗಂಟೆ, ಯಾವ ದಿನ. ಆ ಹಾಳೆಯನ್ನು ಪ್ರತಿ ತಿಂಗಳೂ ಕಳುಹಿಸುತ್ತಿದ್ದರೆ ಮುಂದಿನ ಪತ್ರದ ಅರ್ಧ ಆಗಲೇ ಅವರ ಫೈಲಿನಲ್ಲಿ ಕೂತಿರುತ್ತದೆ.